“ಸೂಕ್ತ ಕ್ರಮ” ಅಂದರೆ ಯಾವ ಕ್ರಮ ಸ್ವಾಮಿ?

ಹಾಸನ, ಚಿಕ್ಕಮಗಳೂರು ಕಡೆಯ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲೂ ಸೊಸೈಟಿಗಳಲ್ಲೂ ಈಗ ಸೈಬರ್ ಭದ್ರತಾ ನೀತಿ ಅಂತ ಒಂದು ಕಡತ ಇರುತ್ತದೆ. ಆಡಿಟರ್ ಕೇಳಿದರು, ಹೊರದೇಶದ ಖರೀದಿದಾರರು ಕೇಳಿದರು ಅಂತ ಯಾವುದೋ ದೊಡ್ಡ ಕಂಪನಿಯದ್ದನ್ನು ಇಳಿಸಿಕೊಂಡು, ಹೆಸರು ಬದಲಿಸಿ, ಎಲ್ಲರ ಸಹಿ ಹಾಕಿಸಿಟ್ಟದ್ದು. ಪಾಸ್‌ವರ್ಡ್ ಮತ್ತು ಸ್ವಂತ ಫೋನಿನ ಬಗ್ಗೆ ಅದರಲ್ಲಿರುವ ಪ್ಯಾರಾ ಹೆಚ್ಚುಕಮ್ಮಿ ಹೀಗಿರುತ್ತದೆ:

“ಸಿಬ್ಬಂದಿಯು ಪ್ರಬಲ ಪಾಸ್‌ವರ್ಡ್‌ಗಳನ್ನು ಬಳಸತಕ್ಕದ್ದು, ನಿಯತಕಾಲಿಕವಾಗಿ ಬದಲಾಯಿಸತಕ್ಕದ್ದು ಹಾಗೂ ಯಾರೊಂದಿಗೂ ಹಂಚಿಕೊಳ್ಳತಕ್ಕದ್ದಲ್ಲ. ವೈಯಕ್ತಿಕ ಸಾಧನಗಳನ್ನು ಸೂಕ್ತ ಭದ್ರತಾ ಕ್ರಮಗಳೊಂದಿಗೆ ಮಾತ್ರ ಬಳಸತಕ್ಕದ್ದು. ಸಾಧನ ಕಳೆದುಹೋದಲ್ಲಿ ಸಂಬಂಧಪಟ್ಟವರಿಗೆ ಶೀಘ್ರವೇ ತಿಳಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.”

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದಿದವನು ಎದ್ದು ಹೋಗಿ ಮಾಡಬಹುದಾದ ಕೆಲಸ ಒಂದೂ ಇದರಲ್ಲಿಲ್ಲ. ಪ್ರಬಲ, ನಿಯತಕಾಲಿಕ, ಸೂಕ್ತ, ಸಂಬಂಧಪಟ್ಟವರು, ಶೀಘ್ರ: ಬರೆದವರು ತೀರ್ಮಾನ ಮಾಡಬೇಕಾದ ಐದು ಜಾಗದಲ್ಲಿ ಐದು ಪದ ಇಟ್ಟು, ತೀರ್ಮಾನವನ್ನು ವೇಬ್ರಿಡ್ಜ್ ಗುಮಾಸ್ತನ ತಲೆಗೆ ಕಟ್ಟಿದ್ದಾರೆ.

ಹಾಸನದಲ್ಲಿ ಮೂವತ್ತು ಜನ ಇರುವ ಒಂದು ಕ್ಯೂರಿಂಗ್ ವರ್ಕ್ಸ್ ಇದೆ ಅಂದುಕೊಳ್ಳಿ. ಸೀಸನ್‌ನಲ್ಲಿ ವೇಬ್ರಿಡ್ಜ್ ಎರಡು ಪಾಳಿ ನಡೆಯುತ್ತದೆ. ರವಾನೆ ವಿಭಾಗದ ಮೂವರು ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ತೆಗೆಯುತ್ತಾರೆ. ಇಬ್ಬರು ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಗೆ ಹೋಗಿ ಪಾರ್ಚ್‌ಮೆಂಟ್ ಸ್ಯಾಂಪಲ್ ನೋಡಿ, ಸ್ವಂತ ಫೋನಿನಿಂದಲೇ ಕಚೇರಿಗೆ ಮೇಲ್ ಹಾಕುತ್ತಾರೆ. ಈ ಕಚೇರಿಗಾಗಿ ಆ ಪ್ಯಾರಾವನ್ನು ಮತ್ತೆ ಬರೆಯೋಣ.

ಮೊದಲು “ಹಂಚಿಕೊಳ್ಳತಕ್ಕದ್ದಲ್ಲ”. ಮೇಲ್ನೋಟಕ್ಕೆ ಇದೊಂದೇ ಸ್ಪಷ್ಟವಾಗಿದೆ, ಆದರೆ ದಿನಾ ಮುರಿಯುವುದೂ ಇದನ್ನೇ. ಇ-ವೇ ಬಿಲ್ ಪೋರ್ಟಲ್‌ಗೆ ಕಚೇರಿಯಲ್ಲಿ ಇರುವುದು ಒಂದೇ ಲಾಗಿನ್, ಬಳಸುವವರು ಮೂವರು. ಹಂಚದಿದ್ದರೆ ಲಾರಿ ಗೇಟು ದಾಟುವುದಿಲ್ಲ. ಹಾಗಾಗಿ ಪಾಸ್‌ವರ್ಡ್ ಮಾನಿಟರ್ ಕೆಳಗೆ ಚೀಟಿಯಲ್ಲಿ, ಓಟಿಪಿ ವಾಟ್ಸ್ಯಾಪ್ ಗುಂಪಿನಲ್ಲಿ. ಇಲ್ಲಿ ತಪ್ಪು ಗುಮಾಸ್ತರದ್ದಲ್ಲ, ಲಾಗಿನ್ ಮಾಡಿಸಿಕೊಟ್ಟ ರೀತಿಯದ್ದು. ಅದೇ ಪೋರ್ಟಲ್‌ನಲ್ಲಿ ಮುಖ್ಯ ಲಾಗಿನ್‌ನಿಂದ ಒಬ್ಬೊಬ್ಬರಿಗೂ ಸಬ್ ಯೂಸರ್ ಮಾಡಬಹುದು. ಯಾರು ಬಿಲ್ ತೆಗೆಯಬಹುದು, ಯಾರು ರದ್ದು ಮಾಡಬಹುದು ಅಂತಲೂ ಬೇರೆ ಮಾಡಬಹುದು. 2025ರ ಏಪ್ರಿಲ್ 1ರಿಂದ ಅಲ್ಲಿ ಎರಡು ಹಂತದ ದೃಢೀಕರಣ ಎಲ್ಲ ತೆರಿಗೆದಾರರಿಗೂ ಕಡ್ಡಾಯ. ಸಬ್ ಯೂಸರ್‌ನ ಓಟಿಪಿ ಅವರದೇ ನೋಂದಾಯಿತ ಮೊಬೈಲ್‌ಗೆ ಬರುತ್ತದೆ, ಮಾಲೀಕರಿಗೆ ಫೋನ್ ಹಚ್ಚಿ “ಸಾರ್, ಓಟಿಪಿ ಬಂತಾ” ಅನ್ನುವ ಪಾಡಿಲ್ಲ. ಮೊದಲು ಮೂರು ಸಬ್ ಯೂಸರ್ ಆಗಬೇಕು, ಆಮೇಲೆ “ಹಂಚಬೇಡಿ” ಅಂತ ಬರೆಯಬೇಕು. ಕಚೇರಿಯೇ ಅಸಾಧ್ಯ ಮಾಡಿಟ್ಟ ನಿಯಮಕ್ಕೆ ಸಹಿ ಹಾಕಿಸಿದರೆ, ಮಿಕ್ಕ ನಿಯಮಗಳೂ ಹೀಗೇ ಇರಬೇಕು ಅಂತ ಜನ ಒಂದೇ ದಿನದಲ್ಲಿ ಕಲಿತುಬಿಡುತ್ತಾರೆ.

ಇನ್ನು “ಪ್ರಬಲ”. ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಇರಬೇಕು ಅಂದರೆ ಜನ ಬರೆಯುವುದು `Hassan@123`. ಮೂರೂ ಷರತ್ತು ಪಾಲಿಸಿದೆ, ಊಹಿಸುವವರು ಮೊದಲ ನಿಮಿಷದಲ್ಲೇ ಇದನ್ನು ಹಾಕಿ ನೋಡುತ್ತಾರೆ. ತೊಂಬತ್ತು ದಿನಕ್ಕೊಮ್ಮೆ ಬದಲಿಸಿ ಅಂದರೆ `Hassan@124`. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಈ ಎರಡೂ ಪದ್ಧತಿ ಬೇಡ ಅಂದಿತು: ಅಕ್ಷರಗಳ ಬೆರಕೆಯನ್ನು ಹೇರಬೇಡಿ, ಸೋರಿದ ಸುಳಿವಿಲ್ಲದೆ ಬದಲಿಸಲು ಒತ್ತಾಯಿಸಬೇಡಿ, ಉದ್ದಕ್ಕೆ ಅವಕಾಶ ಕೊಡಿ ಅಂತ. ನಮ್ಮ ಕಡತಗಳಲ್ಲಿ ಮಾತ್ರ ಆ ತೊಂಬತ್ತು ದಿನ ಇನ್ನೂ ಕೂತಿದೆ.

ನಾಲ್ಕು ಪದದ ಪಾಸ್‌ವರ್ಡ್ ಹೇಳಿಕೊಡುವುದು ಸುಲಭ. ದಾಳವನ್ನು ಐದು ಸಲ ಎಸೆದು, ಬಂದ ಅಂಕಿಗೆ ಎದುರಾಗಿ 7,776 ಪದಗಳ ಪಟ್ಟಿಯಲ್ಲಿ ಒಂದು ಪದ ಆಯುವ ಪದ್ಧತಿಯೊಂದಿದೆ. ಹಾಗೆ ನಾಲ್ಕು ಪದ ಆಯ್ದರೆ ಒಟ್ಟು ಸಾಧ್ಯತೆ ಸುಮಾರು 36 ಕೋಟಿ ಕೋಟಿ. ಪಟ್ಟಿ ಇಲ್ಲದಿದ್ದರೆ ದಪ್ಪ ನಿಘಂಟನ್ನು ನಾಲ್ಕು ಕಡೆ ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ಪದ ತೆಗೆದುಕೊಳ್ಳಬಹುದು. ದಾಳದಷ್ಟು ಕರಾರುವಾಕ್ಕಲ್ಲ, ಆದರೆ ಮನಸ್ಸಿಗೆ ಬಂದದ್ದನ್ನು ಬರೆಯುವುದಕ್ಕಿಂತ ಎಷ್ಟೋ ವಾಸಿ. ಮನಸ್ಸಿಗೆ ಬರುವುದು ಮನೆದೇವರು, ಮಕ್ಕಳು, ಕಾಫಿ, ಈ ಮೂರೇ.

ಕನ್ನಡ ಪದ ಬಳಸುವವರಿಗೆ ಒಂದು ತೊಡಕಿದೆ, ಇಂಗ್ಲಿಷ್ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ. ‘ಗಾಡಿ’ಯನ್ನು ಇವತ್ತು gadi ಅಂತ ಬರೆದವರು ನಾಳೆ gaadi ಅನ್ನುತ್ತಾರೆ. ‘ಹಳ್ಳ’ದ ಕಥೆಯೂ ಅಷ್ಟೇ. ಐದು ಸಲ ತಪ್ಪಿ ಲಾಕ್ ಆಗುವುದು ಮರೆವಿನಿಂದಲ್ಲ, ಕಾಗುಣಿತದಿಂದ. ದೀರ್ಘ, ಒತ್ತಕ್ಷರ, ಮಹಾಪ್ರಾಣ ಆದಷ್ಟು ಕಡಿಮೆ ಇರುವ ಪದ ಆಯ್ದರೆ ಗೋಜಿಲ್ಲ: `benki-kolaga-pustaka-navilu`. (ಇದನ್ನೇ ಇಡಬೇಡಿ, ಈಗ ಇದು ಫೇಸ್‌ಬುಕ್‌ನಲ್ಲಿದೆ.) ನೇರ ಕನ್ನಡ ಲಿಪಿಯಲ್ಲಿ ಇಡುವ ಆಸೆ ಬೇಡ. ಕಂಪ್ಯೂಟರ್ ಲಾಗಿನ್ ಪರದೆಯಲ್ಲಿ ಕನ್ನಡ ಕೀಲಿಮಣೆ ಸಿಗದೇ ಹೋದರೆ ಬೆಳಿಗ್ಗೆ ಒಳಗೇ ಹೋಗಲಾಗದು.

ಇಷ್ಟು ಉದ್ದದ್ದನ್ನು ಎಲ್ಲ ಪೋರ್ಟಲ್‌ಗಳೂ ತೆಗೆದುಕೊಳ್ಳುವುದಿಲ್ಲ. ಕೆಲವು ಕಡೆ ಅಕ್ಷರಗಳಿಗೆ ಮಿತಿ, ಚಿಹ್ನೆ ಕಡ್ಡಾಯ. ಅಂಥ ಕಡೆಗೆ, ಪಾಸ್‌ವರ್ಡ್‌ಗಳನ್ನು ಕಾಪಿಡುವ ಆ್ಯಪ್ ಆದ ಪಾಸ್‌ವರ್ಡ್ ಮ್ಯಾನೇಜರ್ ತಾನೇ ತಯಾರಿಸಿದ್ದನ್ನು ಇಡಬೇಕು, ನೆನಪಿಡುವ ಪ್ರಶ್ನೆಯೇ ಇಲ್ಲ. ಬ್ರೌಸರ್ ಕೇಳುವ “ಸೇವ್ ಮಾಡಲಾ” ಎಂಬುದಕ್ಕೂ ನೀತಿ ಉತ್ತರ ಕೊಡಬೇಕು. ನಿಮ್ಮೊಬ್ಬರದೇ ಲಾಗಿನ್ ಇರುವ ಕಂಪ್ಯೂಟರಿನಲ್ಲಿ ಆಗಬಹುದು. ಎರಡು ಪಾಳಿಯವರು ಒಂದೇ ಲಾಗಿನ್‌ನಲ್ಲಿ ಕೂರುವ ವೇಬ್ರಿಡ್ಜ್ ಕಂಪ್ಯೂಟರಿನಲ್ಲಿ ಕೂಡದು, ಅಲ್ಲಿ ಸೇವ್ ಮಾಡಿದ್ದು ಮುಂದಿನ ಪಾಳಿಯವರಿಗೂ ತೆರೆದುಕೊಳ್ಳುತ್ತದೆ.

ಸ್ವಂತ ಫೋನಿನ “ಸೂಕ್ತ ಕ್ರಮ”ಕ್ಕೆ ಬಂದರೆ ಬರೆಯಬೇಕಾದದ್ದು ಸ್ವಲ್ಪವೇ. ಆರು ಅಂಕಿಯ ಪಿನ್. ಒಂದು ನಿಮಿಷದೊಳಗೆ ತಾನೇ ಲಾಕ್. ಲಾಕ್ ಪರದೆಯ ಮೇಲೆ ಮೆಸೇಜಿನ ಒಳಗಿನದ್ದು ಕಾಣಬಾರದು, ಕಂಡರೆ ಪಿನ್ ಇದ್ದೂ ಓಟಿಪಿ ಬಯಲು. ಅಪ್‌ಡೇಟ್‌ಗೆ “ಇತ್ತೀಚಿನದಿರಲಿ” ಅಂತ ಬರೆಯದೆ, ಎಲ್ಲಿ ನೋಡಬೇಕು ಅಂತ ಬರೆಯಿರಿ: `Settings`ನಲ್ಲಿ `Security update` ಅಂತ ಹುಡುಕಿದರೆ ಒಂದು ದಿನಾಂಕ ಕಾಣುತ್ತದೆ. ಅದು ಆರು ತಿಂಗಳಿಗಿಂತ ಹಳೆಯದಾಗಿದ್ದು ಹೊಸದು ಬರುತ್ತಿಲ್ಲವಾದರೆ ಆ ಫೋನಿನಲ್ಲಿ ಕಚೇರಿ ಮೇಲ್ ಬೇಡ. ಆರು ತಿಂಗಳು ನನ್ನ ಲೆಕ್ಕ, ನೀವು ನಾಲ್ಕು ಅನ್ನಬಹುದು, ಆದರೆ ಒಂದು ಅಂಕಿ ಇರಲೇಬೇಕು. ಜೊತೆಗೆ ಆ ಮನುಷ್ಯ ಮೇಲ್ ಎಲ್ಲಿ ನೋಡಬೇಕು ಅನ್ನುವುದನ್ನೂ ಬರೆಯಬೇಕು. ಬರೆಯದಿದ್ದರೆ ಅವನು ಅದೇ ಫೋನಿನಲ್ಲಿ ನೋಡುತ್ತಾನೆ.

ಫೋನ್ ಕಳೆದಾಗಿನ ಮಾತು ಹೆಚ್ಚು ಮುಖ್ಯ. ತೋಟಕ್ಕೆ ಹೋದವರ ಫೋನ್ ಸಕಲೇಶಪುರ ಬಸ್ ನಿಲ್ದಾಣದಲ್ಲಿ ಶನಿವಾರ ಸಂಜೆ ಏಳಕ್ಕೆ ಮಾಯ. ಅವರು ಏನು ಮಾಡುತ್ತಾರೆ? ಭಾನುವಾರ ಇಡೀ ಹುಡುಕುತ್ತಾರೆ, ಸೋಮವಾರ ಕಚೇರಿಗೆ ಬಂದು ಮೆಲ್ಲಗೆ ಹೇಳುತ್ತಾರೆ. ಕಾರಣ ಮೂರು. ಕಡೆಯ ಸಾಲಿನಲ್ಲಿ ಶಿಸ್ತುಕ್ರಮ ಇದೆ. ಕಚೇರಿಯವರು ಫೋನ್ ಪೂರ್ತಿ ಅಳಿಸಿದರೆ ಮಗಳ ನಾಮಕರಣದ ಫೋಟೊ ಹೋಗುತ್ತದೆ ಅನ್ನುವ ಭಯವಿದೆ. ಮೂರನೆಯದನ್ನು ಯಾರೂ ಯೋಚಿಸಿರುವುದಿಲ್ಲ: “ಸಂಬಂಧಪಟ್ಟವರ” ನಂಬರ್ ಇದ್ದದ್ದು ಕಳೆದ ಫೋನಿನಲ್ಲೇ.

ಮೂರಕ್ಕೂ ಪ್ಯಾರಾದಲ್ಲೇ ಉತ್ತರ ಇರಬೇಕು. ನಂಬರ್ ಗುರುತಿನ ಚೀಟಿಯ ಹಿಂಬದಿಯಲ್ಲಿ ಅಚ್ಚಾಗಲಿ, ಐಟಿ ನೋಡುವವರು ರಜೆಯಲ್ಲಿದ್ದರೆ ಅಂತ ಎರಡನೆಯ ನಂಬರೂ ಇರಲಿ. ಆಂಡ್ರಾಯ್ಡ್‌ನಲ್ಲಿ ವರ್ಕ್ ಪ್ರೊಫೈಲ್ ಮಾಡಿಕೊಟ್ಟರೆ ಕಚೇರಿಯ ಆ್ಯಪ್‌ಗಳು ಪುಟ್ಟ ಬ್ರೀಫ್‌ಕೇಸ್ ಗುರುತಿನೊಂದಿಗೆ ಬೇರೆಯಾಗಿ ಕೂರುತ್ತವೆ, ಕಚೇರಿ ಅಳಿಸುವುದು ಅದನ್ನು ಮಾತ್ರ. ಇದನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟರೆ ನಾಮಕರಣದ ಭಯ ಹೋಗುತ್ತದೆ. ಶಿಸ್ತುಕ್ರಮ ಫೋನ್ ಕಳೆದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ.

ಕರೆ ಬಂದಮೇಲೆ ಕಚೇರಿ ಮಾಡುವ ಕೆಲಸಕ್ಕೂ ಅನುಕ್ರಮ ಇದೆ. ಮೊದಲು ಮೇಲ್‌ನ ಅಡ್ಮಿನ್ ಪುಟದಲ್ಲಿ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಬೇಕು. ಇದು ಸರ್ವರ್‌ನಲ್ಲೇ ಆಗುವುದರಿಂದ ಕಳೆದ ಫೋನ್ ಆನ್ ಇರಬೇಕಾಗಿಲ್ಲ. ನಂತರ ವರ್ಕ್ ಪ್ರೊಫೈಲ್ ಅಳಿಸುವ ಆದೇಶ. ಇದು ಫೋನಿಗೆ ಇಂಟರ್ನೆಟ್ ಸಿಕ್ಕಾಗ ಮಾತ್ರ ತಲುಪುತ್ತದೆ. ಸಿಮ್ ಮೊದಲೇ ಬ್ಲಾಕ್ ಮಾಡಿಸಿದರೆ ಆದೇಶ ತಲುಪುವ ದಾರಿ ಮುಚ್ಚಿದಂತೆ. ಹಾಗಂತ ಕಾಯುತ್ತಲೂ ಕೂರಬಾರದು, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಓಟಿಪಿ ಅಲ್ಲಿಗೆ ಬರುತ್ತದೆ. ಆದೇಶ ಕಳಿಸಿ, ಮರುನಿಮಿಷವೇ ಸಿಮ್ ಬ್ಲಾಕ್. ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಹ್ಯಾಂಡ್‌ಸೆಟ್ ಬ್ಲಾಕ್ ಮಾಡಿಸುವುದು ಆಮೇಲೆ, ಅದಕ್ಕೆ ಪೊಲೀಸ್ ದೂರಿನ ಪ್ರತಿ ಮತ್ತು ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬೇಕು. `*#06#` ಒತ್ತಿದರೆ ಐಎಂಇಐ ಬರುತ್ತದೆ, ಆದರೆ ಫೋನ್ ಕೈಲಿರುವಾಗ ಮಾತ್ರ. ಆದ್ದರಿಂದ ಸೇರಿದ ದಿನವೇ ರಿಜಿಸ್ಟರ್‌ನಲ್ಲಿ ಬರೆಸಿಕೊಳ್ಳಬೇಕು.

“ಶೀಘ್ರ” ಅನ್ನುವುದಕ್ಕೂ ಗಡಿಯಾರ ಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ಅನಧಿಕೃತ ಪ್ರವೇಶದಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು. ಫೋನ್ ಕಳೆದದ್ದೇ ಅಂಥ ಘಟನೆ ಅಲ್ಲ, ಆದರೆ ಆ ಫೋನಿನಿಂದ ಯಾರೋ ಮೇಲ್ ತೆರೆದದ್ದು ಕಂಡರೆ ಲೆಕ್ಕ ಶುರು. ಸಿಬ್ಬಂದಿಗೆ ಒಂದು ಗಂಟೆ ಕೊಟ್ಟರೆ ಕಚೇರಿಗೆ ಲಾಗ್ ನೋಡಲು ಸಮಯ ಉಳಿಯುತ್ತದೆ.

ಇಷ್ಟಾದ ಮೇಲೆ ಪ್ಯಾರಾ:

“ಕಂಪ್ಯೂಟರ್ ಲಾಗಿನ್‌ಗೆ ಒಂದು, ಕಚೇರಿ ಮೇಲ್‌ಗೆ ಬೇರೊಂದು ಪಾಸ್‌ವರ್ಡ್ ಇಡಿ. ಪ್ರತಿಯೊಂದರಲ್ಲೂ ನಿಘಂಟಿನಿಂದ ಆಯ್ದ ನಾಲ್ಕು ಪದ ಇರಲಿ, ನಡುವೆ ಅಡ್ಡಗೆರೆ. ಉಳಿದ ಪೋರ್ಟಲ್‌ಗಳ ಪಾಸ್‌ವರ್ಡ್ ಕಚೇರಿ ಕೊಟ್ಟ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲೇ ತಯಾರಾಗಲಿ. ಬೇರೆಯವರಿಗೆ ಗೊತ್ತಾಯಿತು ಅನಿಸಿದರೆ, ಅನುಮಾನದ ಲಿಂಕ್‌ನಲ್ಲಿ ಟೈಪ್ ಮಾಡಿದರೆ ಅದೇ ದಿನ ಬದಲಿಸಿ, ಬೇರೆ ಯಾವಾಗಲೂ ಬದಲಿಸಬೇಕಾಗಿಲ್ಲ. ನಿಮ್ಮ ಲಾಗಿನ್ ನಿಮಗೆ ಮಾತ್ರ, ಮತ್ತೊಬ್ಬರಿಗೆ ಬೇಕಾದರೆ ಐಟಿಯವರಿಗೆ ಹೇಳಿ, ಅವರಿಗೂ ಒಂದು ಮಾಡಿಕೊಡುತ್ತಾರೆ. ಕಚೇರಿ ಮೇಲ್ ಇರುವ ಸ್ವಂತ ಫೋನಿಗೆ ಆರು ಅಂಕಿಯ ಪಿನ್, ಒಂದು ನಿಮಿಷದ ಲಾಕ್ ಇರಲಿ, ಲಾಕ್ ಪರದೆಯಲ್ಲಿ ಮೆಸೇಜು ಕಾಣದಿರಲಿ. ಅಪ್‌ಡೇಟ್ ದಿನಾಂಕ ಆರು ತಿಂಗಳಿಗಿಂತ ಹಳೆಯದಾದರೆ ಮೇಲ್ ಅನ್ನು ಕಚೇರಿ ಕಂಪ್ಯೂಟರಿನಲ್ಲೇ ನೋಡಿ. ಫೋನ್ ಕಾಣುತ್ತಿಲ್ಲ ಎಂದು ಗೊತ್ತಾದ ಒಂದು ಗಂಟೆಯೊಳಗೆ, ರಾತ್ರಿಯಾದರೂ ಭಾನುವಾರವಾದರೂ, ಯಾರದಾದರೂ ಫೋನಿನಿಂದ ಗುರುತಿನ ಚೀಟಿಯ ಹಿಂದಿರುವ ನಂಬರ್‌ಗೆ ಕರೆ ಮಾಡಿ. ನಾವು ಕಚೇರಿಯ ಭಾಗವನ್ನಷ್ಟೇ ಅಳಿಸುತ್ತೇವೆ. ಕಳೆದದ್ದಕ್ಕೆ ಶಿಕ್ಷೆಯಿಲ್ಲ, ತಿಳಿದೂ ಹೇಳದಿದ್ದರೆ ಇದೆ.”

ಹಳೆಯದಕ್ಕಿಂತ ಮೂರು ಪಟ್ಟು ಉದ್ದ. ಇರಲಿ ಬಿಡಿ. ಸಹಿ ಹಾಕಿಸುವ ಮುಂಚೆ ವೇಬ್ರಿಡ್ಜ್‌ನವರು, ರವಾನೆಯವರು, ತೋಟಕ್ಕೆ ಹೋಗುವವರು, ಈ ಮೂವರಿಗೆ ಬೇರೆ ಬೇರೆಯಾಗಿ ಓದಲು ಕೊಡಿ. ಕಾಗದ ವಾಪಸ್ ತೆಗೆದುಕೊಂಡು, ಶನಿವಾರ ಸಂಜೆ ಏಳಕ್ಕೆ ಫೋನ್ ಹೋಯಿತು, ಮೊದಲು ಯಾರಿಗೆ ಹೇಳ್ತೀರಿ, ಯಾವ ಫೋನಿನಿಂದ, ಎಷ್ಟು ಹೊತ್ತಿನೊಳಗೆ ಅಂತ ಕೇಳಿ. ಮೂವರ ಉತ್ತರ ಒಂದೇ ಆಗದಿದ್ದರೆ ಅವರಿಗೆ ತರಬೇತಿ ಇಡುವ ಮೊದಲು ಆ ಸಾಲನ್ನು ಇನ್ನೊಮ್ಮೆ ತಿದ್ದಿ.