ಪಿಸಿಆರ್ 1.4 ಅಂತೆ, ಮಾರ್ಕೆಟ್ ಏರುತ್ತದಂತೆ!

ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಳ್ಳುವ ಮೊದಲೇ ಗ್ರೂಪ್‌ನಲ್ಲಿ ಮೆಸೇಜು: "ನಿಫ್ಟಿ ಪಿಸಿಆರ್ 1.4. ಪಕ್ಕಾ ಬುಲಿಶ್." ಕೆಳಗೆ ಮೂರು ರಾಕೆಟ್. ಇದೇ ಮಹಾಶಯರು ಹೋದ ತಿಂಗಳು ಇದೇ 1.4 ತೋರಿಸಿ "ಓವರ್‌ಬಾಟ್, ಬೀಳುತ್ತೆ" ಅಂದಿದ್ದರು. ಎರಡು ಸಲವೂ ಅದೇ ಗಟ್ಟಿ ದನಿ. ನನಗೆ ಉರಿದದ್ದು ಅದಕ್ಕೇ.

ಪಿಸಿಆರ್ ಅಂದರೆ ಪುಟ್-ಕಾಲ್ ರೇಶಿಯೋ, ಒಂದು ಭಾಗಾಕಾರ, ಅಷ್ಟೇ. ಪುಟ್ ಅಂದರೆ ನಿಗದಿತ ಬೆಲೆಗೆ ಮಾರುವ ಹಕ್ಕು, ಕಾಲ್ ಅಂದರೆ ಕೊಳ್ಳುವ ಹಕ್ಕು, ಓಪನ್ ಇಂಟರೆಸ್ಟ್ ಅಂದರೆ ಇನ್ನೂ ತೀರದೆ ಉಳಿದ ಕರಾರುಗಳ ಲೆಕ್ಕ. ಪುಟ್‌ಗಳ ಓಪನ್ ಇಂಟರೆಸ್ಟನ್ನು ಕಾಲ್‌ಗಳ ಓಪನ್ ಇಂಟರೆಸ್ಟ್‌ನಿಂದ ಭಾಗಿಸುವುದು. ಆದರೆ ಪ್ರತಿ ಪುಟ್‌ಗೂ ಕೊಂಡವನೊಬ್ಬ, ಬರೆದುಕೊಟ್ಟವನೊಬ್ಬ ಇರುತ್ತಾರೆ. ಊರಲ್ಲಿ ವಿಮೆ ಪಾಲಿಸಿ ಜಾಸ್ತಿಯಾದವು ಅಂದರೆ ಜನ ಹೆದರಿದರು ಅಂತಲೋ, ವಿಮೆ ಕೊಡುವವರಿಗೆ ಧೈರ್ಯ ಬಂತು ಅಂತಲೋ? ಪಾಲಿಸಿ ಎಣಿಸಿದರೆ ಗೊತ್ತಾಗಲ್ಲ. ಪ್ರೀಮಿಯಂ ಏರಿತಾ ಇಳಿಯಿತಾ ಕೇಳಬೇಕು.

ಒಂದು ಲೆಕ್ಕ ಹಾಕೋಣ, ಅಂಕಿಗಳು ಸುಮ್ನೆ ಉದಾಹರಣೆಗೆ. ನಿಫ್ಟಿ 25,000ದಲ್ಲಿದೆ. ಕಾಲ್ 10 ಲಕ್ಷ, ಪುಟ್ 12 ಲಕ್ಷ. ಪಿಸಿಆರ್ 1.2. ಮಧ್ಯಾಹ್ನದ ಹೊತ್ತಿಗೆ 24,800ರ ಪುಟ್‌ನಲ್ಲಿ 2 ಲಕ್ಷ ಹೊಸದಾಗಿ ಸೇರಿ 1.4 ಆಯಿತು. ನಿಫ್ಟಿ ಕದಲಿಲ್ಲ. ಈಗ ಆ ಪುಟ್‌ನ ಬೆಲೆ ನೋಡಿ. 90 ಇದ್ದದ್ದು 60ಕ್ಕೆ ಇಳಿದಿದ್ದರೆ ಬರೆಯುವವರು ಮುಗಿಬಿದ್ದಿದ್ದಾರೆ, ಕೆಳಗೆ ಹೋಗಲ್ಲ ಅನ್ನೋ ನಂಬಿಕೆ ಅವರದು. 90 ಇದ್ದದ್ದು 120 ಆಗಿದ್ದರೆ ಎಷ್ಟಾದರೂ ಸರಿ ಕೊಡು ಅಂತ ಕೊಳ್ಳುತ್ತಿದ್ದಾರೆ, ಅದು ಭಯ. ಎರಡರಲ್ಲೂ ಪಿಸಿಆರ್ 1.4! ದಿನ ಕಳೆದಂತೆ ಪ್ರೀಮಿಯಂ ತಾನಾಗೇ ಕರಗುತ್ತದೆ, ಹಾಗಾಗಿ ಬರೀ ಬೆಲೆಯೂ ಸಾಲದು. ಎನ್‌ಎಸ್‌ಇ ಆಪ್ಷನ್ ಚೈನ್‌ನಲ್ಲಿ ಓಪನ್ ಇಂಟರೆಸ್ಟ್ ಎಷ್ಟು ಬದಲಾಯಿತು ಅಂತ ಹೇಳುವ CHNG IN OI ಇರುವ ಸಾಲಿನಲ್ಲೇ IV ಅಂತಲೂ ಕಾಲಂ ಇದೆ, ಮುಂದೆ ಎಷ್ಟು ಏರಿಳಿತ ಇರಬಹುದು ಅಂತ ಪ್ರೀಮಿಯಂನಲ್ಲೇ ಅಡಗಿರುವ ಅಂದಾಜು ಅದು. OI ಏರಿ IV ಬಿದ್ದರೆ ಬರೆಯುವವರ ಕೈ ಮೇಲು, ಎರಡೂ ಏರಿದರೆ ಕೊಳ್ಳುವವರದು. ಇದೂ ಅಂದಾಜೇ, ಆದರೆ ರಾಕೆಟ್‌ಗಿಂತ ವಾಸಿ.

ಇನ್ನೊಂದು ಗೊಂದಲ ಆಮದು ಸರಕು. ಅಮೆರಿಕದ ಆಪ್ಷನ್ ಎಕ್ಸ್‌ಚೇಂಜ್ ಸಿಬಿಒಇ ಪ್ರಕಟಿಸುವ ಅನುಪಾತ ಆ ದಿನದ ವಾಲ್ಯೂಮ್ ಮೇಲೆ ನಿಂತಿದ್ದು. ಅಲ್ಲಿ ಅದು ಏರಿದರೆ ಭಯ ಹೆಚ್ಚಿದೆ ಅಂತ ಓದುತ್ತಾರೆ, ಭಯ ಅತಿಯಾದಾಗ ಕೊಳ್ಳಲು ನೋಡುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ನೋಡುವುದು ಓಪನ್ ಇಂಟರೆಸ್ಟ್, ಅದನ್ನು ಓದುವುದು ಬರೆಯುವವರ ಕಡೆಯಿಂದ. ನಮ್ಮ ಯೂಟ್ಯೂಬ್ ಗುರುಗಳು ಇದರ ಅಂಕಿಗೆ ಅದರ ಅರ್ಥ ಅಂಟಿಸಿ ಬಿಡುತ್ತಾರೆ. ಕೇಳುವವರು ಯಾರು, ಅಲ್ವಾ?

ಅದೂ ಇರಲಿ, ಯಾವ ಎಕ್ಸ್‌ಪೈರಿಯ ಪಿಸಿಆರ್ ಅಂತಾದರೂ ಹೇಳಿ ಸ್ವಾಮಿ! ನಿಫ್ಟಿಯ ವಾರದ ಎಕ್ಸ್‌ಪೈರಿ ಈಗ ಮಂಗಳವಾರ. ಅವತ್ತು ಸಂಜೆ ಆ ವಾರದ ಓಪನ್ ಇಂಟರೆಸ್ಟ್ ಪೂರಾ ಮಾಯ. ಬುಧವಾರ ಆ್ಯಪ್ ಮುಂದಿನ ವಾರದ್ದನ್ನು ತೋರಿಸುತ್ತದೆ, ಅಂಕಿ 0.7ರಿಂದ 1.1ಕ್ಕೆ ಹಾರಿರಬಹುದು. ರಾತ್ರಿ ಯಾರ ಮನಸ್ಸೂ ಬದಲಾಗಿಲ್ಲ, ಎಣಿಸುವ ರಾಶಿ ಬದಲಾಯಿತು. ಎಲ್ಲ ಎಕ್ಸ್‌ಪೈರಿ ಸೇರಿಸಿದರೆ ಬೇರೆ ತಲೆನೋವು. ಷೇರು ಮಾರದೆ ಸುಮ್ಮನೆ ರಕ್ಷಣೆಗೆ ಅಂತ ದೊಡ್ಡ ಫಂಡ್‌ಗಳು ಕೊಂಡಿಟ್ಟ ದೂರದ ಪುಟ್‌ಗಳೂ ಒಳಗೆ ಬರುತ್ತವೆ. 24,800ರ ಪುಟ್ ಮಾರಿ, ನಷ್ಟಕ್ಕೆ ತಡೆ ಇರಲಿ ಅಂತ 24,500ರದ್ದು ಕೊಂಡವನದು ಒಂದೇ ಅಭಿಪ್ರಾಯ. ಪಿಸಿಆರ್ ಮಾತ್ರ ಎರಡು ಪುಟ್ ಎಣಿಸುತ್ತದೆ.

"ಸರ್, ಅತಿಗೆ ಹೋದಾಗಲಾದರೂ ಕೆಲಸ ಮಾಡುತ್ತಲ್ಲ? 0.6ಕ್ಕೆ ಬಂದರೆ ಬೌನ್ಸ್ ಬರುತ್ತೆ" ಅಂತ ಒಬ್ಬ ಗೆಳೆಯರ ವಾದ. ಬರುತ್ತೆ, ಕೆಲವು ಸಲ. ಆದರೆ ಮಾರ್ಕೆಟ್ ಬೀಳುವಾಗ ಪುಟ್ ಬರೆದವರು ಹೆದರಿ ಬಿಡಿಸಿಕೊಳ್ಳುತ್ತಾರೆ, ಮೇಲೆ ಕಾಲ್ ಬರೆಯುವವರು ಸೇರಿಕೊಳ್ಳುತ್ತಾರೆ. ಪಿಸಿಆರ್ ಬಿದ್ದದ್ದು ಬೆಲೆ ಬಿದ್ದ ಮೇಲೆ, ಬೆಲೆಯ ಹಿಂದೆಯೇ. ಕುಸಿತ ಮುಂದುವರಿದರೆ 0.6 ದಿನಗಟ್ಟಲೆ ಅಲ್ಲೇ ಕೂತಿರುತ್ತದೆ, ನಿಮ್ಮ ಬೌನ್ಸ್ ಕಾಲ್ ಕರಗುತ್ತಾ ಹೋಗುತ್ತದೆ. ಅಷ್ಟಕ್ಕೂ 0.6 ಅತಿ ಅಂದವರು ಯಾರು? ಅದೇ ಇಂಡೆಕ್ಸು, ಎಕ್ಸ್‌ಪೈರಿಗೆ ಅಷ್ಟೇ ದಿನ ಬಾಕಿ ಇದ್ದಾಗಿನ ಹಳೇ ಅಂಕಿಗಳ ಜೊತೆ ಹೋಲಿಸಿದ್ದೀರಾ? ಇಲ್ಲ ತಾನೇ.

ನಿಜ ಹೇಳಲಾ, ನಾನೂ ದಿನಾ ಪಿಸಿಆರ್ ನೋಡುತ್ತೇನೆ. ಒಂಬತ್ತೂ ಕಾಲಿಗೆ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ. ಆದರೆ ಯಾವ ಸ್ಟ್ರೈಕ್‌ನಲ್ಲಿ ಏನು ಸೇರಿತು, ಅದರ IV ಎತ್ತ ಹೋಯಿತು ಅಂತ ನೋಡದೆ ಬರೀ ಆ ಅಂಕಿ ಹಿಡಿದು ಒಂದು ಲಾಟ್ ಕೂಡ ಎತ್ತಲ್ಲ. ಗ್ರೂಪ್‌ನಲ್ಲಿ ಹೀಗೆಂದರೆ "ನೆಗೆಟಿವ್ ಮೈಂಡ್‌ಸೆಟ್" ಅಂತಾರೆ. ಆಗಲಿ ಬಿಡಿ.