ಚಾವಿ ಸಾಹೇಬ್ರ ಹತ್ತಿರ ಅದ

ನಮ್ಮ ಕಲಬುರಗಿ ಕಡೆ ಆಫೀಸುಗಳಲ್ಲಿ 'ಕೊಡೋದಿಲ್ಲ' ಅಂತ ಯಾರೂ ಅನ್ನುವುದಿಲ್ಲ. ಅದು ಮರ್ಯಾದೆ ಅಲ್ಲ. 'ಕೊಡ್ತೀವ್ರಿ, ಎಲ್ಲಿಗಿ ಹೋಗ್ತದ? ಮೊದಲ ಚಾ ಕುಡೀರಿ' ಅನ್ನುತ್ತಾರೆ. ಚಾ ಬರುತ್ತದೆ. ಹೊತ್ತು ಏರಿದರೆ ಸುಸಲಾ, ಮಿರ್ಚಿಯೂ ಬರುತ್ತದೆ. ಕೇಳಿದ ರಿಜಿಸ್ಟರ್ ಮಾತ್ರ ಬರುವುದಿಲ್ಲ.

ನನ್ನ ಗೆಳೆಯನೊಬ್ಬ ಇಂಥ ಆತಿಥ್ಯಕ್ಕೆ ಸಿಕ್ಕಿಬಿದ್ದ. ಊರ ಹೊರಗಿನ ಒಂದು ದಾಲ್ ಕಂಪನಿಯಲ್ಲಿ ಅವನು ಇಂಟರ್ನಲ್ ಆಡಿಟರ್. ಕಂಪನಿಯ ಹೆಸರು ಬೇಡ, ಪಾಪ, ಬೇಳೆ ಚೆನ್ನಾಗಿದೆ. ತೊಗರಿ ಸುಗ್ಗಿ ಮುಗಿದ ಮೇಲೆ ಪರ್ಚೇಸ್ ವಿಭಾಗದ ಆಡಿಟ್ ಶುರುವಾಯಿತು. ಅವನು ಕೇಳಿದ್ದು ಮೂರೇ ಮೂರು ದಾಖಲೆ. ಗೇಟಿನ ರಿಜಿಸ್ಟರ್, ಕಾಟಾ ಚೀಟಿಗಳು, ತೇವಾಂಶದ ರಿಜಿಸ್ಟರ್.

ಗೇಟಿನ ರಿಜಿಸ್ಟರ್ ಮೊದಲ ದಿನವೇ ಸಿಕ್ಕಿತು. ವಾಚ್‌ಮನ್‌ಗೆ ಯಾರೂ 'ಕೊಡಬೇಡ' ಅಂತ ಹೇಳಿರಲಿಲ್ಲ, ಅದಕ್ಕೆ. ತೇವಾಂಶದ ರಿಜಿಸ್ಟರ್ ಕೇಳಿದರೆ 'ಲ್ಯಾಬ್ ಹುಡುಗ ರಜಾದಾಗ ಅದಾನ್ರಿ'. ಕಾಟಾ ಚೀಟಿ ಕೇಳಿದರೆ 'ಅಲಮಾರಿದಾಗ ಅದಾವ್ರಿ, ಚಾವಿ ಸಾಹೇಬ್ರ ಹತ್ತಿರ ಅದ'. ಸಾಹೇಬರು ಎಲ್ಲಿ? 'ಯಾದಗಿರಿಗಿ ಹೋಗ್ಯಾರ.' ಮರುದಿನ? 'ಸೇಡಂಕ ಹೋಗ್ಯಾರ.' ಮುಂದಿನ ವಾರ ಸಾಹೇಬರು ಕುರ್ಚಿಯಲ್ಲೇ ಕೂತಿದ್ದರು, ಆದರೆ ಚಾವಿ ಯಾದಗಿರಿಯಲ್ಲಿ ಉಳಿದಿತ್ತು.

ನಡುವೆ ಕೈ ಖಾಲಿ ಕಳಿಸಬಾರದು ಅಂತ ಬೇರೆ ದಾಖಲೆ ಧಾರಾಳವಾಗಿ ಕೊಟ್ಟರು. ಐಎಸ್‌ಒ ಸರ್ಟಿಫಿಕೇಟಿನ ಬಣ್ಣದ ಪ್ರತಿ, ಹೊಸ ಕಾಟಾ ಪೂಜೆಯ ಫೋಟೋಗಳು, ಮೂರು ವರ್ಷದ ಗೋಣಿಚೀಲದ ಲೆಕ್ಕ. ಗೋಣಿಚೀಲದ ಲೆಕ್ಕ ಒಂದು ಚೀಲವೂ ತಪ್ಪಿರಲಿಲ್ಲವಂತೆ.

ಈ ಕಾಟಾ ಚೀಟಿಯಲ್ಲಿ ಅಂಥದ್ದೇನಿದೆ ಅಂತ ನಾನೂ ಕೇಳಿದೆ. ವಿಷಯ ಬಹಳ ಸರಳ. ತೊಗರಿ ತುಂಬಿದ ಲಾರಿ ಒಳಗೆ ಬರುವಾಗ ಒಮ್ಮೆ ಕಾಟಾ ಮೇಲೆ ನಿಲ್ಲುತ್ತದೆ, ಖಾಲಿಯಾಗಿ ಹೋಗುವಾಗ ಇನ್ನೊಮ್ಮೆ. ಮೊದಲಿನದರಲ್ಲಿ ಎರಡನೇದನ್ನು ಕಳೆದರೆ ಮಾಲಿನ ತೂಕ. ಅಕೌಂಟ್ಸ್ ವಿಭಾಗಕ್ಕೆ ಹೋಗುವ ಕಾಗದದಲ್ಲಿ ಈ ಕೊನೆಯ ಸಂಖ್ಯೆ ಮಾತ್ರ ಇರುತ್ತದೆ. ದುಡ್ಡು ಅದರ ಮೇಲೆಯೇ ಹೋಗುತ್ತದೆ.

ಈಗ ಒಂದು ಲಾರಿ ತಗೊಳ್ಳಿ. ತುಂಬಿದ ತೂಕ 16,420 ಕಿಲೋ. ಖಾಲಿ ಲಾರಿ 6,240 ಕಿಲೋ. ಮಾಲು 10,180 ಕಿಲೋ. ಖಾಲಿ ತೂಕವನ್ನು 5,940 ಅಂತ ಬರೆದರೆ? ಮಾಲು 10,480 ಆಗುತ್ತದೆ. ಒಂದು ಕಾಳೂ ಇಳಿಸದೆ ಮೂರು ಕ್ವಿಂಟಲ್ ತೊಗರಿ ಗೋದಾಮಿಗೆ ಬಂತು. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಹಿಡಿದರೂ ಒಂದು ಲಾರಿಗೆ 22,650 ರೂಪಾಯಿ. ನಮ್ಮ ರೈತ ಮಳೆ, ಕೀಟ, ನೆಟೆ ರೋಗ ಎಲ್ಲ ದಾಟಿ ಮೂರು ಕ್ವಿಂಟಲ್ ಬೆಳೆಯುವುದಕ್ಕೆ ಐದಾರು ತಿಂಗಳು ಬೇಕು. ಇಲ್ಲಿ ಒಂದು ಪೆನ್ ಸಾಕು.

ಖಾಲಿ ಲಾರಿಯ ತೂಕ ದಿನಾ ಒಂದೇ ಇರುವುದಿಲ್ಲ, ಅದೂ ನಿಜ. ಟ್ಯಾಂಕಿನ ಡೀಸೆಲ್, ತಾಡಪತ್ರಿ, ಕ್ಲೀನರ್ ಹುಡುಗ ಇಳಿದನೋ ಕೂತನೋ, ಇದರಿಂದೆಲ್ಲ ಸ್ವಲ್ಪ ಫರಕು ಬರುತ್ತದೆ. ಆದರೆ ಆ ಫರಕು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇರಬೇಕು. ಒಂದೇ ಲಾರಿ ಸುಗ್ಗಿ ಪೂರ್ತಿ ತೆಳ್ಳಗಾಗುತ್ತಲೇ ಹೋದರೆ ಅದಕ್ಕೆ ಏನೋ ಕಾಯಿಲೆ ಇದೆ ಅಂತ ಅರ್ಥ. ಇದು ಗೊತ್ತಾಗಬೇಕಾದರೆ ಕ್ರಮಸಂಖ್ಯೆ ಇರುವ ಮೂಲ ಚೀಟಿಗಳು ಬೇಕು, ಅವನ್ನು ಗೇಟಿನ ಸಮಯದ ಜೊತೆ ಹೊಂದಿಸಿ ನೋಡಬೇಕು. ಲಾರಿ 4 ಗಂಟೆಗೆ ಗೇಟು ದಾಟಿ ಹೋಗಿದ್ದು, ಅದರ ಖಾಲಿ ತೂಕ 5 ಗಂಟೆಗೆ ಆಗಿದ್ದರೆ, ಕಾಟಾ ಮೇಲೆ ನಿಂತಿದ್ದು ಯಾರು?

ಬಾಯಿಮಾತಿನಲ್ಲಿ ಕೇಳಿ ಕೇಳಿ ಸಾಕಾಗಿ ಗೆಳೆಯ ಕೊನೆಗೆ ಕಾಗದ ಬರೆದ. ನನಗೂ ಓದಲು ಕೊಟ್ಟ. ಅದರ ಮುಖ್ಯ ಭಾಗ ಹೀಗಿದೆ:

'ಪರ್ಚೇಸ್ ವಿಭಾಗದ ಮುಖ್ಯಸ್ಥರಿಗೆ. ವಿಷಯ: ಆಡಿಟ್ ವೇಳೆ ಕೊಡದೆ ಉಳಿದ ದಾಖಲೆಗಳು. ಡಿಸೆಂಬರ್ 2024ರಿಂದ ಫೆಬ್ರವರಿ 2025ರವರೆಗಿನ ಕಾಟಾ ಚೀಟಿಗಳ ಮೂಲ ಪ್ರತಿ ಮತ್ತು ತೇವಾಂಶ ಪರೀಕ್ಷೆಯ ರಿಜಿಸ್ಟರನ್ನು ಏಪ್ರಿಲ್ 7, 15 ಮತ್ತು 22ರಂದು ಕೇಳಲಾಗಿತ್ತು. ಗೇಟಿನ ರಿಜಿಸ್ಟರ್ ಬಂದಿದೆ. ಉಳಿದ ಎರಡು ಬಂದಿಲ್ಲ. ಆಡಳಿತ ಮಂಡಳಿ ಒಪ್ಪಿದ ಆಡಿಟ್ ಚಾರ್ಟರಿನ 4ನೇ ಕಲಂ ಪ್ರಕಾರ, ಆಡಿಟ್‌ಗೆ ಬೇಕಾದ ಎಲ್ಲ ದಾಖಲೆ, ಆಸ್ತಿ ಮತ್ತು ಸಿಬ್ಬಂದಿಯನ್ನು ಯಾವ ಅಡೆತಡೆಯೂ ಇಲ್ಲದೆ ನೋಡುವ ಅಧಿಕಾರ ಆಡಿಟ್ ವಿಭಾಗಕ್ಕೆ ಇದೆ. ದಯವಿಟ್ಟು ಐದು ಕೆಲಸದ ದಿನಗಳೊಳಗೆ ಒದಗಿಸಿ. ಕಳಿಸುವುದು ಕಷ್ಟವಾದರೆ ದಾಖಲೆ ಇರುವ ಜಾಗಕ್ಕೆ ನಾವೇ ಬಂದು ನೋಡುತ್ತೇವೆ. ಯಾವುದಾದರೂ ಇಲ್ಲದಿದ್ದರೆ, ಇಲ್ಲ ಎಂದೂ, ಕೊನೆಗೆ ಯಾರ ವಶದಲ್ಲಿತ್ತು ಎಂದೂ ಬರೆದು ತಿಳಿಸಿ. ಹೊಸದಾಗಿ ಬರೆದು ಕೊಡುವುದು ಬೇಡ. ಗಡುವು ಮೀರಿದರೆ ಇದನ್ನು ಆಡಿಟ್‌ನ ವ್ಯಾಪ್ತಿಗೆ ಬಂದ ಅಡ್ಡಿ ಎಂದು ಆಡಿಟ್ ಸಮಿತಿಗೆ ವರದಿ ಮಾಡಬೇಕಾಗುತ್ತದೆ. ಪ್ರತಿ: ಆಡಿಟ್ ಸಮಿತಿಯ ಅಧ್ಯಕ್ಷರಿಗೆ, ಎಂಡಿಯವರಿಗೆ.'

ನನಗಂತೂ ಒಳ್ಳೆಯ ಕಾಗದ ಅನಿಸಿತು. ಯಾರನ್ನೂ ಕಳ್ಳ ಅಂದಿಲ್ಲ. ಏನು ಬಂತು, ಏನು ಬಂದಿಲ್ಲ, ಯಾವಾಗ ಕೇಳಿದ್ದು, ಇಲ್ಲದಿದ್ದರೆ ಏನು ಮಾಡಬೇಕು, ಅಷ್ಟೇ. ಒಂದೇ ಒಂದು ಹೆಚ್ಚಿನ ವಾಕ್ಯ 'ಹೊಸದಾಗಿ ಬರೆದು ಕೊಡುವುದು ಬೇಡ' ಅನ್ನುವುದು. ಅದು ಅನುಭವದ ಮಾತು.

ಚಾರ್ಟರನ್ನು ಯಾಕೆ ಎಳೆದು ತಂದ ಅಂದರೆ, ಅವನಿಗೆ ಬೇರೆ ದಿಕ್ಕಿಲ್ಲ. ವರ್ಷಕ್ಕೊಮ್ಮೆ ಬರುವ ಹೊರಗಿನ ಆಡಿಟರ್‌ಗೆ 2013ರ ಕಂಪನಿ ಕಾಯ್ದೆಯ 143ನೇ ಸೆಕ್ಷನ್ನೇ ಲೆಕ್ಕದ ಪುಸ್ತಕ ಯಾವಾಗ ಬೇಕಾದರೂ ನೋಡುವ ಹಕ್ಕು ಕೊಟ್ಟಿದೆ. ಇಂಟರ್ನಲ್ ಆಡಿಟರನ್ನು ನೇಮಿಸಿ ಅನ್ನುವುದು 138ನೇ ಸೆಕ್ಷನ್. 200 ಕೋಟಿ ವಹಿವಾಟು ಮುಟ್ಟಿದ ಪ್ರೈವೇಟ್ ಕಂಪನಿಗೂ ಅದು ಕಡ್ಡಾಯ. ಆದರೆ ಅವನು ಏನು ನೋಡಬೇಕು, ಹೇಗೆ ನೋಡಬೇಕು ಅನ್ನುವುದನ್ನು ಕಾಯ್ದೆ ಆಡಿಟ್ ಸಮಿತಿ ಅಥವಾ ಆಡಳಿತ ಮಂಡಳಿಗೇ ಬಿಟ್ಟಿದೆ. ಅವರು ಬರೆದು ಒಪ್ಪಿದ ಎರಡು ಪುಟದ ಚಾರ್ಟರೇ ಅವನ ಕೈಯಲ್ಲಿರುವ ಏಕೈಕ ಕೋಲು. ಆ ಕೋಲಿನಿಂದ ಬೀಗ ಒಡೆಯಲು ಆಗುವುದಿಲ್ಲ. ಮೇಲಿನವರ ಬಾಗಿಲು ತಟ್ಟಬಹುದು, ಅಷ್ಟೇ. ಬಾಗಿಲ ಹಿಂದೆ ಕೂತವರು ಪರ್ಚೇಸ್ ಸಾಹೇಬರ ಬೀಗರೇ ಆಗಿದ್ದರೆ ಚಾರ್ಟರ್ ಏನು ಮಾಡೀತು?

ಕಾಗದ ಮುಟ್ಟಿದ ದಿನ ಕಂಪನಿಯಲ್ಲಿ ಭೂಕಂಪ. ದಾಖಲೆ ಎಲ್ಲಿ ಅಂತ ಯಾರೂ ಕೇಳಲಿಲ್ಲ. 'ಕಾಗದ ಯಾಕ ಬರೆದ?' ಅಂತ ಎಲ್ಲರೂ ಕೇಳಿದರು. ಪರ್ಚೇಸ್ ಸಾಹೇಬರು ಅಳುವುದೊಂದು ಬಾಕಿ.

'ಏನ್ರಿ ಇದು, ತಮ್ಮಾ? ಒಂದ್ ಮಾತು ಬಾಯಿಲೆ ಹೇಳಿದ್ರ ನಾ ಕೊಡ್ತಿದ್ದಿಲ್ಲೇನು?'

'ಮೂರು ಸಲ ಹೇಳೀನ್ರಿ ಸಾಹೇಬ್ರ. ಕಾಗದದಾಗ ತಾರೀಖು ಸುದ್ದಾ ಅದಾವ.'

'ಅದೇ ಅಂತೀನಿ. ತಾರೀಖು ಯಾಕ ಬರ್ಕೊಂಡಿ? ಮನಿ ಮಂದಿ ಮಾತು ಯಾರಾರ ತಾರೀಖು ಹಾಕಿ ಬರೀತಾರೇನು?'

ಇದಕ್ಕೆ ಉತ್ತರ ಚಾರ್ಟರಿನಲ್ಲಿ ಇಲ್ಲ.

ಆಮೇಲೆ ಚಾರ್ಟರನ್ನೇ ಹುಡುಕಲು ಶುರು ಮಾಡಿದರು. ಅಂಥದ್ದೊಂದು ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಕೊನೆಗೆ ಎಂಡಿ ಕೋಣೆಯ ಗೋಡೆ ಮೇಲೆ ಸಿಕ್ಕಿತು. ಶರಣಬಸವೇಶ್ವರರ ಫೋಟೋ ಪಕ್ಕ, ಗಾಜಿನ ಫ್ರೇಮಿನಲ್ಲಿ, ಸುಮಾರು ದೂಳಿನ ಕೆಳಗೆ. ಒರೆಸಿ ನೋಡಿದರೆ, 'ಓದಿ ತಿಳಿದುಕೊಂಡಿದ್ದೇವೆ' ಅನ್ನುವ ಸಾಲಿನ ಕೆಳಗೆ ಎಲ್ಲ ವಿಭಾಗದ ಮುಖ್ಯಸ್ಥರ ಸಹಿ. ಮೊದಲ ಸಹಿ ಪರ್ಚೇಸ್ ಸಾಹೇಬರದೇ, ಎಲ್ಲರಿಗಿಂತ ದೊಡ್ಡದು.

ಐದನೇ ದಿನ ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ತೇವಾಂಶದ ರಿಜಿಸ್ಟರ್ ಬಂತು. ಎಷ್ಟು ಸುಂದರ ಅಂದರೆ ನೋಡುತ್ತಾ ಕೂರಬೇಕು. ಮೂರು ತಿಂಗಳ ಬರಹ ಒಂದೇ ಕೈ, ಒಂದೇ ನೀಲಿ ಶಾಯಿ, ಎಲ್ಲೂ ಕಾಟು ಹೊಡೆದಿಲ್ಲ. ಲ್ಯಾಬಿನಲ್ಲಿ ಕೂತು ಬರೆದ ಪುಸ್ತಕದಲ್ಲಿ ಒಂದು ಚಾ ಕಲೆಯಾದರೂ ಇರಬೇಕು, ಅಲ್ವಾ? ಪ್ರತಿ ಲಾರಿಯ ತೇವಾಂಶವೂ 11.8 ಅಥವಾ 11.9. ಹನ್ನೆರಡು ದಾಟಿದರೆ ತೂಕದಲ್ಲಿ ಕಡಿತ ಮಾಡಬೇಕಲ್ಲ, ಹಾಗಾಗಿ ಈ ಸಲದ ತೊಗರಿ ಬಹಳ ಶಿಸ್ತಿನಿಂದ ಒಣಗಿತ್ತು. ಜನವರಿ 26ರಂದೂ ಆರು ಲಾರಿ ಬಂದಿವೆ. ಗಣರಾಜ್ಯೋತ್ಸವ, ಅದೂ ಭಾನುವಾರ. ಗೇಟಿನ ರಿಜಿಸ್ಟರಿನಲ್ಲಿ ಆ ದಿನ ಧ್ವಜಾರೋಹಣಕ್ಕೆ ತಂದ ಬೂಂದಿ ಡಬ್ಬಿ ಬಿಟ್ಟರೆ ಬೇರೇನೂ ಒಳಗೆ ಬಂದಿಲ್ಲ.

ಗೆಳೆಯ ರಿಜಿಸ್ಟರನ್ನು ತಿರುವಿ ಹಿಂದಿನ ರಟ್ಟು ನೋಡಿದ. ಮೂಲೆಯಲ್ಲಿ ಪ್ರೆಸ್ಸಿನವರ ಸಣ್ಣ ಅಕ್ಷರ. 100 ಹಾಳೆ, 4/2025. ಡಿಸೆಂಬರಿನ ತೊಗರಿಯನ್ನು ಏಪ್ರಿಲ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ ಬರೆದಿದ್ದರು. ಕಾಟಾ ಚೀಟಿಗಳ ಜಾಗದಲ್ಲಿ ಒಂದು ಟಿಪ್ಪಣಿ ಇತ್ತು: 'ಸದರಿ ಚೀಟಿಗಳನ್ನು ಇಲಿಗಳು ತಿಂದಿರುತ್ತವೆ.' ಅದೇ ಅಲಮಾರಿಯಲ್ಲಿದ್ದ ಗೋಣಿಚೀಲದ ಲೆಕ್ಕವನ್ನು ಅವು ಮೂಸಿಯೂ ನೋಡಿರಲಿಲ್ಲ.

ವಿಷಯ ಆಡಿಟ್ ಸಮಿತಿಗೆ ಹೋಯಿತು. ಒಂದು ಗಂಟೆ ಚರ್ಚೆ. ಅದರಲ್ಲಿ ಮುಕ್ಕಾಲು ಗಂಟೆ, ಕಾಗದದಲ್ಲಿ 'ಅಡ್ಡಿ' ಅನ್ನುವ ಬದಲು 'ವಿಳಂಬ' ಅಂತ ಬರೆಯಬಹುದಿತ್ತಲ್ಲ ಅನ್ನುವುದಕ್ಕೆ. ಉಳಿದ ಸಮಯ ಇಲಿಗಳಿಗೆ. ಕೊನೆಗೆ ದಾಖಲೆ ಸಂರಕ್ಷಣೆಗೆ ಒಂದು ಉಪಸಮಿತಿ ಮಾಡಿದರು. ದಾಖಲೆಗಳ ಬಗ್ಗೆ ಜಾಸ್ತಿ ಅನುಭವ ಇರುವವರು ಬೇಕು ಅಂತ ಪರ್ಚೇಸ್ ಸಾಹೇಬರನ್ನೇ ಅದಕ್ಕೆ ಅಧ್ಯಕ್ಷರನ್ನಾಗಿ ಮಾಡಿದರು.

ಉಪಸಮಿತಿಯ ಮೊದಲ ಕಾಗದ ಹೋದ ವಾರ ಹೊರಟಿದೆ. ಇಂಟರ್ನಲ್ ಆಡಿಟರ್ ತಮ್ಮ ಬಳಿ ಇರುವ ಗೇಟಿನ ರಿಜಿಸ್ಟರ್ ಮತ್ತು ಅದರ ಎಲ್ಲ ಝೆರಾಕ್ಸ್ ಪ್ರತಿಗಳನ್ನು ಐದು ಕೆಲಸದ ದಿನಗಳೊಳಗೆ ಪರ್ಚೇಸ್ ವಿಭಾಗಕ್ಕೆ ಒಪ್ಪಿಸಬೇಕು. ಆಧಾರ: ಆಡಿಟ್ ಚಾರ್ಟರ್, ಕಲಂ 5, ದಾಖಲೆಗಳ ಗೋಪ್ಯತೆ ಕಾಪಾಡುವುದು ಆಡಿಟರ್ ಹೊಣೆ.