ಆ ನೀರು ಬೆಂಕಿಗಲ್ಲ

"ಎಲ್‌ಎನ್‌ಜಿ ಇಳಿಸುವಾಗ ಬೆಂಕಿಯೇ ಇಲ್ಲ, ಹಡಗಿನ ಪಕ್ಕಕ್ಕೆ ಸುಮ್ನೆ ನೀರು ಯಾಕೆ ಸುರಿಸ್ತಾರೆ?"

ಅದು ಬೆಂಕಿಗಲ್ಲ, ಚಳಿಗೆ. ಎಲ್‌ಎನ್‌ಜಿ, ಅಂದರೆ ತಣಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ, ಇರುವುದು ಸುಮಾರು ಮೈನಸ್ 162 ಡಿಗ್ರಿಯಲ್ಲಿ. ಟ್ಯಾಂಕಿನ ಲೋಹ ಅದನ್ನು ತಾಳುತ್ತದೆ. ಹಡಗಿನ ಮೈ ಮಾತ್ರ ಸಾಮಾನ್ಯ ಉಕ್ಕು. ಅಷ್ಟು ಚಳಿ ತಾಗಿದರೆ ಅದು ಬಾಗುವುದಿಲ್ಲ, ಹಪ್ಪಳದ ಹಾಗೆ ಪಟ್ಟನೆ ಸೀಳುತ್ತದೆ. ಪೈಪ್ ಜೋಡಿಸುವ ಜಾಗದ ಕೆಳಗೆ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಇರುತ್ತದೆ. ಸೋರಿದ್ದು ಜಾಸ್ತಿಯಾಗಿ ತಟ್ಟೆ ದಾಟಿತೆಂದರೆ, ಹರಿಯುತ್ತಿರುವ ಸಮುದ್ರದ ನೀರೇ ಉಕ್ಕನ್ನು ಬೆಚ್ಚಗಿಡುತ್ತದೆ. ಎಲ್‌ಎನ್‌ಜಿ ಮುಂದೆ ಆ ನೀರು ಬಿಸಿನೀರೇ ಅಲ್ವಾ!

ಅದೇ ನೀರನ್ನು ತಟ್ಟೆಯಲ್ಲಿ ನಿಂತ ಎಲ್‌ಎನ್‌ಜಿ ಮೇಲೆ ಹೊಯ್ಯಬಾರದು. ಅದು ಇನ್ನೂ ಜೋರಾಗಿ ಕುದಿದು ಗ್ಯಾಸ್ ಹೆಚ್ಚುತ್ತದೆ. ಹೊತ್ತಿಕೊಂಡರೆ ಹಾಕುವುದು ಒಣ ಪುಡಿ.